ವಾಂತಿ ನಿಂತಿತು, ಜೊತೆಗೆ ಕಕ್ಕವೂ ನಿಂತಿತು: ಒಂಡಾನ್ಸೆಟ್ರಾನ್ ಡೋಸ್ ಲೆಕ್ಕ

"ಮಗಳಿಗೆ ಮೂರು ವರ್ಷ, ತೂಕ 13 ಕೆ.ಜಿ. ಭಾನುವಾರ ರಾತ್ರಿ ಆರು ಸಲ ವಾಂತಿ ಮಾಡಿದಳು. ಮೆಡಿಕಲ್‌ನಲ್ಲಿ ಒಂಡಾನ್ಸೆಟ್ರಾನ್ 4 ಎಂ.ಜಿ., ಬಾಯಲ್ಲಿ ಕರಗೋ ಮಾತ್ರೆ ಕೊಟ್ರು. ಅರ್ಧ ಮಾಡಿ ದಿನಕ್ಕೆ ಮೂರು ಸಲ, ಎರಡು ದಿನ ಕೊಟ್ಟೆ. ವಾಂತಿ ನಿಂತಿದೆ, ಆದ್ರೆ ಮೂರು ದಿನದಿಂದ ಕಕ್ಕ ಮಾಡಿಲ್ಲ. ಡೋಸ್ ಜಾಸ್ತಿ ಆಯ್ತಾ? ಈಗ ಏನು ಮಾಡ್ಲಿ?"

ಒಂದು ಸಲಕ್ಕೆ ಕೊಟ್ಟಿದ್ದು ಸರಿಯಾಗೇ ಇದೆ ಮೇಡಂ. ಕೊಟ್ಟ ಸಲಗಳು ಜಾಸ್ತಿ ಆದವು. ನಾನು ಮಕ್ಕಳ ಡಾಕ್ಟರ್, ವಾಂತಿ-ಭೇದಿ ಸೀಸನ್‌ನಲ್ಲಿ ಇದೇ ಪ್ರಶ್ನೆ ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ.

ಮಿಕ್ಕಿದ್ದನ್ನು ಓದುವ ಮೊದಲು ಮಗುವಿನ ಹೊಟ್ಟೆ ಮುಟ್ಟಿ ನೋಡಿ. ಮೆತ್ತಗಿದೆಯಾ? ಗಾಳಿ ಬಿಡುತ್ತಿದ್ದಾಳಾ? ಉಚ್ಚೆ ಸರಿಯಾಗಿ ಹೋಗುತ್ತಿದ್ದಾಳಾ? ಊಟ ಮಾಡಿ ಆಟ ಆಡುತ್ತಿದ್ದಾಳಾ? ಇಷ್ಟಕ್ಕೂ ಹೌದು ಅಂದರೆ ನಿಧಾನವಾಗಿ ಓದಿ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ, ವಾಂತಿ ಮತ್ತೆ ಶುರುವಾಗಿ ಹಸಿರು ಬಣ್ಣಕ್ಕೆ ಬಂದಿದ್ದರೆ, ಬಿಟ್ಟು ಬಿಟ್ಟು ಕಾಲು ಮಡಚಿಕೊಂಡು ಕಿರುಚಿ ಅಳುತ್ತಿದ್ದರೆ, ರಕ್ತ ಕಂಡರೆ, ಎಚ್ಚರವಿಲ್ಲದ ಹಾಗೆ ಮಂಕಾಗಿದ್ದರೆ, ಫೋನ್ ಕೆಳಗಿಟ್ಟು ಈಗಲೇ ಆಸ್ಪತ್ರೆಗೆ ಹೊರಡಿ. ಕರುಳು ಕಟ್ಟಿಕೊಂಡಾಗಲೂ ವಾಂತಿ ಬರುತ್ತದೆ, ಕಕ್ಕ ನಿಲ್ಲುತ್ತದೆ. ಈ ಮಾತ್ರೆ ಅಂಥ ವಾಂತಿಯನ್ನೂ ಸ್ವಲ್ಪ ಹೊತ್ತು ಮುಚ್ಚಿಡಬಹುದು. ಅದಕ್ಕೇ ನನಗೆ ಇದರ ಮೇಲೆ ಒಂದು ಕಣ್ಣು.

ಈಗ ಲೆಕ್ಕ. ಒಂದು ಕೆ.ಜಿ. ತೂಕಕ್ಕೆ 0.15 ಎಂ.ಜಿ. ಅಂತ ಇಟ್ಟುಕೊಳ್ಳುತ್ತೇವೆ. 13 × 0.15 ಅಂದರೆ 1.95, ಅಂದರೆ 2 ಎಂ.ಜಿ. ನಿಮ್ಮ ಅರ್ಧ ಮಾತ್ರೆ ಅಷ್ಟೇ. ಪ್ರತಿ ಸಲ ಗುಣಿಸುವುದು ಬೇಡ ಅಂತ 8ರಿಂದ 15 ಕೆ.ಜಿ.ವರೆಗೆ 2, 15ರಿಂದ 30ರವರೆಗೆ 4, ಅದಕ್ಕಿಂತ ಮೇಲೆ 8 ಎಂ.ಜಿ. ಅಂತಲೂ ಕೊಡುತ್ತೇವೆ. 8 ಎಂ.ಜಿ. ದಾಟುವುದಿಲ್ಲ. ಆರು ತಿಂಗಳಿಗಿಂತ ಚಿಕ್ಕ ಮಗುವಿಗೆ ವಾಂತಿ-ಭೇದಿಗೆ ಅಂತ ಮನೆಯಲ್ಲಿ ಕೊಡಲೇಬಾರದು.

ಈ ತೂಕದ ಪಟ್ಟಿ ಇಟ್ಟುಕೊಂಡು ಅಮೆರಿಕದ ಚಿಕಾಗೊದಲ್ಲಿ ಮಕ್ಕಳ ಎಮರ್ಜೆನ್ಸಿಯಲ್ಲಿ ಒಂದು ಪರೀಕ್ಷೆ ಮಾಡಿದ್ದರು, 2006ರಲ್ಲಿ ಪ್ರಕಟವಾಯಿತು. 215 ಮಕ್ಕಳು. ಓಆರ್‌ಎಸ್ ಕುಡಿಸುವಾಗ, ಕರಗುವ ಮಾತ್ರೆ ಕೊಟ್ಟವರಲ್ಲಿ ನೂರಕ್ಕೆ 14 ಮಕ್ಕಳು ವಾಂತಿ ಮಾಡಿದರು, ಸುಮ್ನೆ ಹುಸಿ ಮಾತ್ರೆ ಕೊಟ್ಟವರಲ್ಲಿ 35. ಒಳ್ಳೆಯ ಫಲಿತಾಂಶ ಅಲ್ವಾ? ಆದರೆ ಅಲ್ಲಿ ಕೊಟ್ಟಿದ್ದು ಒಂದೇ ಒಂದು ಡೋಸ್. ದಿನಕ್ಕೆ ಮೂರರ ಹಾಗೆ ಎರಡು ದಿನ ಅಲ್ಲ. ಆ ಒಂದು ಡೋಸ್‌ನ ಕೆಲಸ ಇಷ್ಟೇ: ಹೊಟ್ಟೆ ಸ್ವಲ್ಪ ಸುಮ್ಮನಿರುವಾಗ ನೀರು ಒಳಗೆ ಹೋಗಲಿ ಅಂತ. ಮಾತ್ರೆ ಕೊಟ್ಟು 15–20 ನಿಮಿಷ ಬಿಟ್ಟು ಓಆರ್‌ಎಸ್ ಶುರು ಮಾಡಬೇಕು, ಎರಡು ನಿಮಿಷಕ್ಕೊಂದು ಸಣ್ಣ ಚಮಚ. ಒಂದು ಚಮಚ 5 ಎಂ.ಎಲ್. ಆದರೆ ಗಂಟೆಗೆ 150 ಎಂ.ಎಲ್. ಆಯಿತು. ಲೋಟ ಎತ್ತಿ ಗಟಗಟ ಕುಡಿಸಿದರೆ ಮಾತ್ರೆ ಕೊಟ್ಟೂ ವಾಂತಿ. ಎರಡನೇ ಡೋಸ್ ಬೇಕಾದರೆ ಕನಿಷ್ಠ 8 ಗಂಟೆ ಬಿಟ್ಟು, ಅದೂ ಮಗುವನ್ನು ನೋಡಿದ ಡಾಕ್ಟರ್ ಹೇಳಿದರೆ ಮಾತ್ರ.

ಕರಗುವ ಮಾತ್ರೆಯ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ನಾಲಿಗೆಯಿಂದಲೇ ಔಷಧಿ ರಕ್ತಕ್ಕೆ ಹೋಗಿಬಿಡುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಬಾಯಲ್ಲಿ ಕರಗುತ್ತದೆ, ಎಂಜಲಿನ ಜೊತೆ ನುಂಗಿದ ಮೇಲೆ ಕರುಳಿಂದಲೇ ಸೇರುತ್ತದೆ. ಅನುಕೂಲ ಏನೆಂದರೆ ನೀರು ಬೇಡ, ಮಗು ಉಗುಳುವುದಕ್ಕೆ ಏನೂ ಉಳಿಯುವುದಿಲ್ಲ. ಕೊಟ್ಟ 15 ನಿಮಿಷದೊಳಗೆ ವಾಂತಿಯಾದರೆ ಆ ಡೋಸ್ ಹೊರಗೆ ಹೋಯಿತು ಅಂತ ಲೆಕ್ಕ, ಒಂದು ಸಲ ಮತ್ತೆ ಕೊಡಬಹುದು. ಅರ್ಧ ಗಂಟೆ ಕಳೆದ ಮೇಲೆ ಆದರೆ ಬೇಡ.

ಒಬ್ಬ ಅಪ್ಪ ನನ್ನೆದುರೇ ಮಾತ್ರೆಯನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿದರು. ಅದು ಪುಡಿಯಾಗಿ ಅಂಗೈಗೆ ಬಿತ್ತು. ಆಗಷ್ಟೇ ಕೈ ತೊಳೆದು ಬಂದಿದ್ದರು, ಪುಡಿಯೆಲ್ಲ ಅಂಗೈಯಲ್ಲೇ ಅಂಟಾಯಿತು, ಮಗುವಿನ ಬಾಯಿಗೆ ಹೋಗಿದ್ದು ಒಂದು ಚೂರು. ಇದನ್ನು ಒತ್ತಬಾರದು, ಹಾಳೆಯನ್ನು ಸುಲಿಯಬೇಕು. ಕೈ ಒಣಗಿರಬೇಕು. ತೆಗೆದ ತಕ್ಷಣ ನಾಲಿಗೆ ಮೇಲಿಡಬೇಕು. ಅರ್ಧ ಮುರಿದು ಉಳಿದರ್ಧವನ್ನು ಸಂಜೆಗೆ ಅಂತ ಎತ್ತಿಟ್ಟರೆ ಅದು ಗಾಳಿಯ ತೇವಕ್ಕೇ ಮೆತ್ತಗಾಗುತ್ತದೆ. ಮುರಿಯುವಾಗಲೂ ಸಮ ಆಗುವುದು ಕಷ್ಟ, ಒಂದು ತುಂಡು ದಪ್ಪ, ಒಂದು ಸಣ್ಣ.

ಅದಕ್ಕೇ 15 ಕೆ.ಜಿ. ಒಳಗಿನವರಿಗೆ ನಾನು ಸಿರಪ್ಪೇ ಬರೆಯುತ್ತೇನೆ. ಸಾಮಾನ್ಯವಾಗಿ ಸಿಗುವ ಸಿರಪ್‌ನಲ್ಲಿ 5 ಎಂ.ಎಲ್.ಗೆ 2 ಎಂ.ಜಿ. ಇರುತ್ತದೆ. ಆದರೂ ಬಾಟಲಿ ಮೇಲೆ ಓದಿಕೊಳ್ಳಿ. ಇಲ್ಲಿ ಆಗುವ ಎಡವಟ್ಟು ಯಾವಾಗಲೂ ಒಂದೇ: "2 ಎಂ.ಜಿ." ಅಂದದ್ದನ್ನು 2 ಎಂ.ಎಲ್. ಅಂದುಕೊಳ್ಳುವುದು. ಆಗ ಮಗುವಿಗೆ ಹೋಗುವುದು 0.8 ಎಂ.ಜಿ., ಔಷಧಿ ಹಿಡಿಯಲೇ ಇಲ್ಲ ಅಂತ ಮತ್ತೆ ಮತ್ತೆ ಕೊಡುತ್ತಾರೆ.

ಇನ್ನು ಕಕ್ಕದ ವಿಷಯ. ದೇಹದ ಸಿರೊಟೋನಿನ್ ಬಹುಪಾಲು ಇರುವುದು ಕರುಳಲ್ಲೇ. ಕರುಳು ಕೆಟ್ಟಾಗ ಅದೇ ನರದ ಮೂಲಕ ಮಿದುಳಿಗೆ "ವಾಂತಿ ಮಾಡು" ಅಂತ ಸುದ್ದಿ ಮುಟ್ಟಿಸುತ್ತದೆ. ಒಂಡಾನ್ಸೆಟ್ರಾನ್ ಆ ಸುದ್ದಿಯನ್ನು ತಡೆಯುತ್ತದೆ. ಆದರೆ ಕರುಳನ್ನು ಮುಂದೆ ತಳ್ಳುವುದರಲ್ಲೂ ಸಿರೊಟೋನಿನ್ ಕೈ ಇದೆ. ಅದನ್ನೂ ತಡೆದಾಗ ದೊಡ್ಡ ಕರುಳು ನಿಧಾನವಾಗುತ್ತದೆ, ಮಲ ಅಲ್ಲೇ ಕೂತು ನೀರು ಹೀರಿಸಿಕೊಂಡು ಗಟ್ಟಿಯಾಗುತ್ತದೆ. ಒಂದು ಡೋಸ್‌ಗೆ ಹೀಗಾಗುವುದು ಕಡಿಮೆ. ವಾಂತಿ-ಭೇದಿಯ ಮಕ್ಕಳಲ್ಲಂತೂ ಭೇದಿ ಒಂದೆರಡು ಸಲ ಜಾಸ್ತಿಯೇ ಆಗುವುದುಂಟು. ನಿಮ್ಮ ಮಗಳಿಗೆ ಆರು ಡೋಸ್ ಹೋಗಿದೆ. ಜೊತೆಗೆ ಆ ಎರಡು ದಿನ ಸರಿಯಾಗಿ ತಿಂದಿಲ್ಲ, ನೀರು ಕಮ್ಮಿ. ಒಳಗೆ ಏನೂ ಹೋಗದಿದ್ದರೆ ಹೊರಗೆ ಬರುವುದಾದರೂ ಏನು?

ಮಾತ್ರೆ ನಿಲ್ಲಿಸಿ, ಅಷ್ಟೇ ಮುಖ್ಯ. ಒಂದು ದಿನದೊಳಗೆ ಅದರ ಪ್ರಭಾವ ಹೆಚ್ಚುಕಡಿಮೆ ಮುಗಿಯುತ್ತದೆ. ನೀರು, ತೆಳು ಸಾರು ಕೇಳಿದಾಗಲೆಲ್ಲ ಕೊಡಿ. ಪರಂಗಿ ಹಣ್ಣು, ನೆನೆಸಿ ಹಿಚುಕಿದ ಒಣದ್ರಾಕ್ಷಿ, ಬೇಯಿಸಿದ ತರಕಾರಿ ಹಾಕಿದ ಅನ್ನ ತಿನ್ನಿಸಿ. ಊಟ ಆದ ಮೇಲೆ ಐದು ನಿಮಿಷ ಪಾಟಿ ಮೇಲೆ ಕೂರಿಸಿ. ಅಜ್ಜಿ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಹಿಂದೆ ಹಾಕೋಣ ಅಂದರೆ ಕೈಮುಗಿದು ಬೇಡ ಅನ್ನಿ, ಗಾಯ ಆದರೆ ಮಗು ನೋವಿಗೆ ಹೆದರಿ ಇನ್ನಷ್ಟು ತಡೆಹಿಡಿಯುತ್ತದೆ. ಭೇದಿ ಮಾಡಿಸುವ ಔಷಧಿಯನ್ನೂ ನೀವಾಗಿಯೇ ಕೊಡಬೇಡಿ. ಇನ್ನೆರಡು ದಿನದಲ್ಲಿ ಆಗದಿದ್ದರೆ, ಅಥವಾ ಕೂತಾಗ ನೋವು ಅಂತ ಅತ್ತರೆ, ತೋರಿಸಿ. ಮಲ ಮೆತ್ತಗೆ ಮಾಡುವ ಸಿರಪ್ ಅಥವಾ ಪುಡಿಯನ್ನು ತೂಕ ನೋಡಿ ಬರೆದುಕೊಡುತ್ತಾರೆ.

ತೋರಿಸುವಾಗ ಎರಡು ವಿಷಯ ನೀವಾಗಿಯೇ ಹೇಳಿ: ಎಷ್ಟು ಡೋಸ್ ಹೋಗಿದೆ ಅಂತ, ಮತ್ತೆ ಮನೆಯಲ್ಲಿ ಯಾರಿಗಾದರೂ ಹೃದಯದ ಬಡಿತದ ತೊಂದರೆ, ಚಿಕ್ಕ ವಯಸ್ಸಲ್ಲಿ ದಿಢೀರ್ ಸಾವು ಇದೆಯಾ ಅಂತ. ಅಂಥವರಲ್ಲಿ ಈ ಔಷಧಿ ಹೃದಯದ ಬಡಿತವನ್ನು ಏರುಪೇರು ಮಾಡಬಹುದು, ಹಾಗಿದ್ದರೆ ಇಸಿಜಿ ನೋಡದೆ ಅವಳಿಗೆ ಮತ್ತೆ ಕೊಡುವ ಹಾಗಿಲ್ಲ.