ಒಂದೇ ಕಡೆ ಕೇಳಿಸುವ ಇಯರ್‌ಬಡ್ಸ್: ಫೋನ್ ಆಮೇಲೆ, ಮೊದಲು ಜೋಡಿ ಸೇರಿಸಿ

"ಎಡಗಡೆ ಬಡ್ ಮಾತ್ರ ಹಾಡ್ತಿದೆ, ಬಲಗಡೇದು ಸತ್ತಂಗಿದೆ. ಫೋನಲ್ಲಿ ಎರಡು ಸಲ ಪೇರ್ ಮಾಡಿದ್ರೂ ಅದೇ ಕಥೆ. ಏನ್ ಮಾಡ್ಲಿ?"

ಮೊದಲು ಬಲಗಡೆಯದನ್ನು ಕೇಸಿನಲ್ಲಿಟ್ಟು ದೀಪ ಹತ್ತುತ್ತಾ ನೋಡಿ. ಹತ್ತದಿದ್ದರೆ ಚಾರ್ಜೇ ಆಗಿಲ್ಲ. ಕೇಸಿನ ಪಿನ್, ಬಡ್ಡಿನ ಲೋಹದ ಚುಕ್ಕೆಗಳ ಮೇಲೆ ಬೆವರಿನ ಜಿಡ್ಡು ಕೂತಿರುತ್ತೆ. ಹತ್ತಿಕಡ್ಡಿಗೆ ಒಂಚೂರು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಅರ್ಧ ಗಂಟೆ ಚಾರ್ಜಿಗಿಡಿ.

ದೀಪ ಹತ್ತಿಯೂ ಸದ್ದಿಲ್ಲ ಅಂದ್ರೆ ಹೆಚ್ಚಾಗಿ ಎರಡು ಬಡ್‌ಗಳ ನಡುವಿನ ಕೊಂಡಿ ಕಳಚಿರುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಫೋನ್ ಮಾತಾಡೋದು ಒಂದೇ ಬಡ್ ಜೊತೆ, ಇನ್ನೊಂದು ಅದರ ಬೆನ್ನು ಹತ್ತುತ್ತೆ. ಹಾಗಾಗಿ ಫೋನಲ್ಲಿ ಎಷ್ಟು ಸಲ ಪೇರ್ ಮಾಡಿದರೂ ಪ್ರಯೋಜನವಿಲ್ಲ. ಬ್ಲೂಟೂತ್ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ಇದೇ ರೋಗ ಅಂತ ತಿಳ್ಕೊಳ್ಳಿ.

ಆ ಹೆಸರುಗಳನ್ನೆಲ್ಲ "Forget" ಒತ್ತಿ ಅಳಿಸಿ, ಫೋನಿನ ಬ್ಲೂಟೂತ್ ಆಫ್ ಮಾಡಿ. ಇದನ್ನ ಮರೀಬೇಡಿ, ಇಲ್ಲದಿದ್ರೆ ಒಂದು ಬಡ್ ಜೋಡಿಗಿಂತ ಮೊದಲೇ ಫೋನಿಗೆ ಅಂಟಿಕೊಳ್ಳುತ್ತೆ. ಆಮೇಲೆ ರೀಸೆಟ್. ಕೆಲವಕ್ಕೆ ಕೇಸಿನ ಬಟನ್, ಕೆಲವಕ್ಕೆ ಎರಡೂ ಬಡ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು. ಎಷ್ಟು ಹೊತ್ತು ಅನ್ನೋದು ನಿಮ್ಮ ಮಾಡೆಲ್‌ನ ಕೈಪಿಡಿಯಲ್ಲಿರುತ್ತೆ. ಎರಡನ್ನೂ ಒಟ್ಟಿಗೇ ಹೊರತೆಗೆದು ಪಕ್ಕಪಕ್ಕ ಇಟ್ಟು ಸ್ವಲ್ಪ ಕಾಯಿರಿ. ಸಾಮಾನ್ಯವಾಗಿ ಎರಡರ ದೀಪವೂ ಮಿನುಗಿ, ಒಂದು ಆರಿ ಇನ್ನೊಂದು ಮಿನುಗುತ್ತಲೇ ಇದ್ದರೆ ಜೋಡಿ ಕೂಡಿತು. ಈಗ ಬ್ಲೂಟೂತ್ ಆನ್ ಮಾಡಿ, ಕಾಣುವ ಒಂದೇ ಹೆಸರನ್ನು ಪೇರ್ ಮಾಡಿ.

ಪೂರ್ತಿ ಸತ್ತಿಲ್ಲ, ಸಣ್ಣಗೆ ಕೇಳಿಸ್ತಿದೆ ಅಂದ್ರೆ ಅದು ಹೆಚ್ಚಾಗಿ ಜಾಲರಿಯಲ್ಲಿ ಕೂತ ಕಿವಿಗುಗ್ಗೆ, ರೀಸೆಟ್ಟಿಗೆ ಬಗ್ಗೋದಲ್ಲ.