ಭಾನುವಾರದ ಟೆಸ್ಟ್ ಇದ್ದರೆ ವಾರದ ಚಾನೆಲ್‌ಗೆ ವಿಷಯ ಹುಡುಕಬೇಕಿಲ್ಲ

ಪ್ರಶ್ನೆ: ನಮ್ಮದು ಪಿಯುಸಿ ಸೈನ್ಸ್ ಮತ್ತು ಸಿಇಟಿ ಕೋಚಿಂಗ್ ಕ್ಲಾಸ್. ವಾಟ್ಸಾಪ್ ಚಾನೆಲ್ ಶುರು ಮಾಡಿದ್ದೇವೆ. ಓದಿನ ಟಿಪ್ಸ್, ರಿಸಲ್ಟ್, ಅಡ್ಮಿಷನ್ ಸುದ್ದಿ ಎಲ್ಲಾ ದಿನಾ ಹಾಕ್ತೀವಿ, ಆದರೂ ಯಾರೂ ನೋಡ್ತಿಲ್ಲ. ವಾರಕ್ಕೆ ಯಾವತ್ತು ಏನು ಹಾಕಬೇಕು?

ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಚಾನೆಲ್ ಫಾಲೋ ಮಾಡಿದವರಿಗೆ ತಾನಾಗಿ ಸದ್ದು ಬರುವುದಿಲ್ಲ, ನೋಟಿಫಿಕೇಶನ್ ಮ್ಯೂಟ್ ಆಗಿಯೇ ಇರುತ್ತದೆ. ಪೋಸ್ಟ್ ಕೂಡ ಚಾಟ್‌ಗಳ ಮಧ್ಯೆ ಬರದೆ ಅಪ್‌ಡೇಟ್ಸ್ ಅನ್ನೋ ಬೇರೆ ಜಾಗದಲ್ಲಿ ಕೂತಿರುತ್ತದೆ. ಹಾಗಾಗಿ ಪೋಷಕರ ಸಭೆ ನಡೆದಾಗ ಎಲ್ಲರ ಕೈಯಲ್ಲೂ ಫೋನ್ ತೆಗೆಸಿ, ಚಾನೆಲ್ ತೆರೆಸಿ, ಗಂಟೆ ಗುರುತು ಒತ್ತಿಸಿ. ಒಮ್ಮೆ ಒತ್ತಿಸಿದ ಮೇಲೆ ದಿನಾ ಸದ್ದು ಮಾಡಿದರೆ ಅವರೇ ಮತ್ತೆ ಮ್ಯೂಟ್ ಮಾಡುತ್ತಾರೆ. ಅದಕ್ಕೇ ನಾನು ವಾರಕ್ಕೆ ಮೂರೇ ಪೋಸ್ಟ್ ಹಾಕೋದು.

ತಾಲೂಕು ಕೇಂದ್ರವೊಂದರಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಟೆಸ್ಟ್. ಇಡೀ ವಾರದ ಚಾನೆಲ್ ಆ ಟೆಸ್ಟಿನಿಂದಲೇ ಬರುತ್ತದೆ.

ಸೋಮವಾರ ಸಂಜೆ ರಿಸಲ್ಟ್. ಹೆಸರು ಹಾಕುವುದಿಲ್ಲ, ಮೊದಲ ಮೂವರದ್ದೂ ಇಲ್ಲ. ಲಿಂಕ್ ಸಿಕ್ಕ ಯಾರು ಬೇಕಾದರೂ ಚಾನೆಲ್ ನೋಡಬಹುದು. 16, 17 ವರ್ಷದ ಮಗುವಿನ ಮಾರ್ಕ್ಸ್ ಊರಿಗೆಲ್ಲ ಯಾಕೆ? ಅವರವರ ಮಾರ್ಕ್ಸ್ ಅವರವರ ಮನೆಗೆ ಬೇರೆಯಾಗಿ ಕಳಿಸುತ್ತೇನೆ. ಇದಕ್ಕೆ ಬ್ರಾಡ್‌ಕಾಸ್ಟ್ ಲಿಸ್ಟ್ ಸಾಲದು. ಒಂದೇ ಸಂದೇಶ ಎಲ್ಲರಿಗೂ ಹೋಗುತ್ತದೆ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಚಾನೆಲ್‌ನಲ್ಲಿ ಬರುವುದು ಎಷ್ಟು ಮಕ್ಕಳು ಬರೆದರು, ಯಾವ ಪ್ರಶ್ನೆಯಲ್ಲಿ ಜಾಸ್ತಿ ಜನ ಎಡವಿದರು ಅನ್ನುವುದು, ಅಷ್ಟೇ.

ಒಂದು ವಾರದ್ದು ಹೇಳುತ್ತೇನೆ. ನೇರ ಮೇಲಕ್ಕೆ ಎಸೆದ ಚೆಂಡು ತುತ್ತತುದಿ ಮುಟ್ಟಿದ ಗಳಿಗೆಯಲ್ಲಿ ಅದರ ಆಕ್ಸಿಲರೇಶನ್ ಎಷ್ಟು ಅಂತ ಕೇಳಿದ್ದೆ. 46 ಮಕ್ಕಳಲ್ಲಿ 29 ಜನ ಸೊನ್ನೆ ಅಂತ ಬರೆದಿದ್ದರು. ಸೋಮವಾರ ಈ ಪ್ರಶ್ನೆಯನ್ನೂ 29 ಅನ್ನುವ ಸಂಖ್ಯೆಯನ್ನೂ ಹಾಕಿ, ಉತ್ತರ ಹೇಳದೆ ಒಂದು ಪೋಲ್ ಇಟ್ಟೆ. ಕ್ಲಾಸಿನಲ್ಲಿ ಕೈ ಎತ್ತದ ಮಕ್ಕಳು ಪೋಲ್‌ನಲ್ಲಿ ಒತ್ತುತ್ತಾರೆ.

ಬುಧವಾರದ ಟಿಪ್ ಅದರ ಉತ್ತರ. ಬೋರ್ಡ್ ಮೇಲೆ ಚೆಂಡಿನ ಚಿತ್ರ ಬರೆದು ಫೋಟೋ ತೆಗೆದೆ. ಕೆಳಗೆ ನಾಲ್ಕು ಸಾಲು: ತುದಿಯಲ್ಲಿ ಸೊನ್ನೆ ಆಗುವುದು ವೆಲಾಸಿಟಿ. ಭೂಮಿ ಎಳೆಯುವುದನ್ನು ಆಗಲೂ ನಿಲ್ಲಿಸಿಲ್ಲ. ಆಕ್ಸಿಲರೇಶನ್ 9.8 m/s², ಕೆಳಮುಖ. ಅದೂ ಸೊನ್ನೆಯಾಗಿ ಹಾಗೇ ಇದ್ದಿದ್ದರೆ ಚೆಂಡು ಅಲ್ಲೇ ನಿಂತುಬಿಡಬೇಕಿತ್ತು, ಅಲ್ವಾ? ಎರಡು ವಾರದ ನಂತರ ಇದನ್ನೇ ತಿರುಗಿಸಿ, ಮೇಲಕ್ಕೆ ಎಸೆದ ಕಲ್ಲಿನ ಗ್ರಾಫ್ ಕೊಟ್ಟೆ. ಈ ಸಲ ತಪ್ಪಿದ್ದು 11 ಜನ. ಪೋಸ್ಟ್ ಕೆಲಸ ಮಾಡಿದೆಯೋ ಇಲ್ಲವೋ ಅನ್ನುವುದಕ್ಕೆ ನಾನು ನೋಡುವುದು ಈ ಲೆಕ್ಕವನ್ನೇ, ಲೈಕ್‌ಗಳನ್ನಲ್ಲ. ‘ಬೆಳಿಗ್ಗೆ ಬೇಗ ಏಳಿ, ಮೊಬೈಲ್ ದೂರ ಇಡಿ’ ಅನ್ನುವಂಥ ಟಿಪ್ಸ್ ಬಿಟ್ಟುಬಿಡಿ. ಮನೆಯಲ್ಲಿ ಅದನ್ನು ದಿನಾ ಕೇಳಿಸಿಕೊಂಡೇ ಬಂದಿರುತ್ತಾರೆ.

ಶನಿವಾರ ಸಂಜೆ ಅಡ್ಮಿಷನ್. ಬ್ಯಾಚ್ ಶುರುವಾಗುವ ತಾರೀಖು, ಸಮಯ, ಒಟ್ಟು ಫೀಸು, ಎಷ್ಟು ಕಂತು, ಮಧ್ಯೆ ಬಿಟ್ಟರೆ ಎಷ್ಟು ವಾಪಸ್, ಉಳಿದಿರುವ ಸೀಟು, ಇಷ್ಟು ಬರೆಯಿರಿ. ಚಾನೆಲ್‌ನಲ್ಲಿ ಪೋಷಕರು ತಿರುಗಿ ಕೇಳುವುದಕ್ಕಾಗುವುದಿಲ್ಲ. ಆದ್ದರಿಂದ ಫೋನ್ ನಂಬರ್ ಮರೆಯಬೇಡಿ. ಏಪ್ರಿಲ್‌ನಿಂದ ಜೂನ್‌ವರೆಗೆ ವಾರಾವಾರ ಸರಿ, ಆಮೇಲೆ ತಿಂಗಳಿಗೊಂದು ಸಾಕು.

ಸಿಇಟಿ ತಾರೀಖು, ಕೌನ್ಸೆಲಿಂಗ್ ವಿಷಯ ಇದ್ದರೆ ಅದನ್ನು ಯಾವ ದಿನವಾದರೂ ಹಾಕಲೇಬೇಕು. ಆದರೆ ಬೇರೆ ಗ್ರೂಪಿನಿಂದ ಬಂದ ಚಿತ್ರವನ್ನು ಹಾಗೇ ದಾಟಿಸಬೇಡಿ. ಒಮ್ಮೆ ನಾನು ದಾಖಲೆ ಪರಿಶೀಲನೆಯ ತಾರೀಖಿದ್ದ ಚಿತ್ರ ಹಾಕಿಬಿಟ್ಟೆ. ಅದು ಹಿಂದಿನ ವರ್ಷದ್ದು. ಒಬ್ಬ ತಂದೆ ಕೂಲಿ ಬಿಟ್ಟು, ಮಗಳನ್ನು ಕರೆದುಕೊಂಡು, ಬೆಳಗಿನ ಬಸ್ ಹತ್ತಿ ಹೋಗಿ ಸುಮ್ನೆ ವಾಪಸ್ ಬಂದರು. ಸಂಜೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ ಕೆಇಎ ವೆಬ್‌ಸೈಟ್ ತೆರೆದು, ಪ್ರಕಟಣೆಯ ಮೇಲಿನ ವರ್ಷ ಓದಿ, ಅದರ ಲಿಂಕ್ ಮಾತ್ರ ಹಾಕುತ್ತೇನೆ.

ವರ್ಷದ ಕೊನೆಗೆ ಪಿಯುಸಿ, ಸಿಇಟಿ ಫಲಿತಾಂಶ ಬಂದಾಗ ಹೆಸರು, ಫೋಟೋ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ತಂದಿದೆ. ಫಲಿತಾಂಶ ಬಂದ ಮೇಲೆ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಬೇಕು. ಸೇರುವಾಗಲೇ ಸಹಿ ಹಾಕಿಸಿಕೊಂಡಿದ್ದರೆ ನಡೆಯುವುದಿಲ್ಲ. ಆ ವಿದ್ಯಾರ್ಥಿ ನಿಮ್ಮಲ್ಲಿ ಯಾವ ಕೋರ್ಸ್, ಎಷ್ಟು ದಿನ ಓದಿದ ಅನ್ನುವುದನ್ನೂ ಹೇಳಬೇಕು. ಬರೀ ಕ್ರ್ಯಾಶ್ ಕೋರ್ಸಿಗೆ ಬಂದಿದ್ದರೆ ಫೋಟೋ ಕೆಳಗೆ ಹಾಗೆಂದೇ ಬರೆಯಿರಿ.