ಸ್ಕೋರ್ 7 ಇತ್ತು, ರೋಗಿ 7ರಲ್ಲಿ ಇರಲಿಲ್ಲ

ಪ್ರಶ್ನೆ: ನರ್ಸಿಂಗ್ ವಿದ್ಯಾರ್ಥಿಗಳಿಗೆ ಆಲ್ಕೋಹಾಲ್ ವಿತ್‌ಡ್ರಾವಲ್ ಬಗ್ಗೆ ಎರಡು ಪುಟದ ಹ್ಯಾಂಡ್‌ಔಟ್ ಮಾಡುತ್ತಿದ್ದೇನೆ. ಯಾವ ಸ್ಕೋರಿಂಗ್ ಟೂಲ್ ಹಾಕಲಿ? ಎಷ್ಟು ಅಂಕ ಬಂದರೆ ಎಷ್ಟು ಗಂಟೆಗೊಮ್ಮೆ ನೋಡಬೇಕು ಅನ್ನೋ ಟೇಬಲ್ ಒಂದಿದ್ದರೆ ಸಾಕಾ?

ಸಾಕಾಗಲ್ಲ. ಅಂಥದ್ದೇ ಒಂದು ಟೇಬಲ್ ಜೇಬಲ್ಲಿ ಇಟ್ಟುಕೊಂಡೇ ನಾನು ಎಡವಿದ್ದು.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಮೂಳೆ ವಾರ್ಡಿನಲ್ಲಿ ನೈಟ್ ಡ್ಯೂಟಿ. ಐವತ್ತು ದಾಟಿದ ಒಬ್ಬರು ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು, ಆಪರೇಷನ್ ಆಗಿತ್ತು. ಕೊನೆಯದಾಗಿ ಕುಡಿದದ್ದು ಭಾನುವಾರ ರಾತ್ರಿ 8 ಗಂಟೆಗೆ. ಸೋಮವಾರ ಬೆಳಗ್ಗೆ, ಕುಡಿತ ನಿಂತಾಗ ಬರುವ ವಿತ್‌ಡ್ರಾವಲ್ ತೊಂದರೆಯನ್ನು ಅಂಕದಲ್ಲಿ ಅಳೆಯುವ ಸೀವಾ ಸ್ಕೋರ್ 14 ಬಂದಿತ್ತು. ಮಾತ್ರೆ ಶುರುವಾಯಿತು, ಸ್ಕೋರ್ ಇಳಿಯಿತು. ಮಂಗಳವಾರ ರಾತ್ರಿ 10ಕ್ಕೆ ನಾನು ನೋಡಿದಾಗ ಮನುಷ್ಯ ಸುಮ್ನೆ ಮಲಗಿದ್ದರು. ಹೊದಿಕೆಯ ಅಂಚನ್ನು ಬೆರಳಲ್ಲಿ ಹೆಕ್ಕುತ್ತಿದ್ದರು, ಅಷ್ಟೇ.

ಸೀವಾದಲ್ಲಿ ಹತ್ತು ಅಂಶಗಳಿವೆ, ನಿಮಗೆ ಗೊತ್ತಿರುತ್ತೆ. ಒಂಬತ್ತಕ್ಕೆ 0ಯಿಂದ 7, ಕೊನೆಯದಾದ ಅರಿವಿನ ಅಂಶಕ್ಕೆ 0ಯಿಂದ 4, ಒಟ್ಟು 67. ನಾನು ಹಾಸಿಗೆಯ ಕಾಲ ಹತ್ತಿರ ನಿಂತು ಒಂದೂವರೆ ನಿಮಿಷದಲ್ಲಿ ಮುಗಿಸಿದೆ. ನಡುಕ 2, ಬೆವರು 1, ಆತಂಕ 2, ಚಡಪಡಿಕೆ 1, ತಲೆನೋವು 1, ಉಳಿದದ್ದೆಲ್ಲ ಸೊನ್ನೆ. ಒಟ್ಟು 7. ನಮ್ಮ ವಾರ್ಡಿನ ಗೆರೆ 8. ಹಾಗಾಗಿ ಔಷಧಿ ಇಲ್ಲ, ಮುಂದಿನ ಸ್ಕೋರ್ ಎಂಟು ಗಂಟೆ ಬಿಟ್ಟು. ಟೇಬಲ್ ಹಾಗೆ ಹೇಳಿತ್ತು, ನಾನು ಹಾಗೆ ಮಾಡಿದೆ.

ತಪ್ಪು ಕೂಡಿಸಿದ್ದರಲ್ಲಿ ಇರಲಿಲ್ಲ, ಕೇಳಿದ ರೀತಿಯಲ್ಲಿ ಇತ್ತು. ನಾನು ಕೇಳಿದ್ದು ಹೀಗೆ: "ಆಸ್ಪತ್ರೆಯಲ್ಲಿ ಇದ್ದೀರಿ, ಗೊತ್ತಿದೆ ಅಲ್ವಾ?" ಅವರು "ಹೂಂ" ಅಂದರು. "ಏನೂ ಕಾಣೋದು ಕೇಳೋದು ಇಲ್ಲ ಅಲ್ವಾ?" ಅದಕ್ಕೆ "ಇಲ್ಲ". ಈ ಪ್ರಶ್ನೆಗಳ ಒಳಗೇ ಉತ್ತರ ಇದೆ ನೋಡಿ. ಗೊಂದಲದಲ್ಲಿರುವ ಮನುಷ್ಯನೂ ಇದಕ್ಕೆ ಸರಿಯಾದ ಉತ್ತರವನ್ನೇ ಕೊಡುತ್ತಾನೆ, ಯಾಕಂದರೆ ದನಿಗೆ ದನಿ ಸೇರಿಸಿದರೆ ಆಯಿತು. ನಾನು ಅಳೆದದ್ದು ಅವರ ಅರಿವನ್ನಲ್ಲ, ಅವರ ಸೌಜನ್ಯವನ್ನು.

ಫಾರಂನಲ್ಲಿ ಇರುವುದು ಬೇರೆ. ಇವತ್ತು ಯಾವ ದಿನ? ನೀವು ಎಲ್ಲಿದ್ದೀರಿ? ನಾನು ಯಾರು? ಜೊತೆಗೆ ಸ್ವಲ್ಪ ಕೂಡುವ ಲೆಕ್ಕ. ಲೆಕ್ಕ ಆಗದಿದ್ದರೆ ಅಥವಾ ತಾರೀಖು ಅನುಮಾನವಿದ್ದರೆ 1. ತಾರೀಖು ಎರಡು ದಿನದೊಳಗೆ ತಪ್ಪಿದರೆ 2, ಅದಕ್ಕಿಂತ ಜಾಸ್ತಿ ತಪ್ಪಿದರೆ 3. ಜಾಗ ಅಥವಾ ಜನ ಗೊತ್ತಾಗದಿದ್ದರೆ 4. ಕಾಣುವ ವಿಷಯದಲ್ಲೂ ಅಷ್ಟೆ. ಫಾರಂ ಮೊದಲು ಕೇಳುವುದು ಬೆಳಕು ಜಾಸ್ತಿ ಅನ್ನಿಸುತ್ತಿದೆಯಾ, ಕಣ್ಣಿಗೆ ಚುಚ್ಚುತ್ತಿದೆಯಾ ಅಂತ. ಇಲ್ಲದ್ದು ಕಾಣುತ್ತಿದೆಯಾ ಅನ್ನುವ ಪ್ರಶ್ನೆ ಬರುವುದು ಕೊನೆಗೆ. ನೇರವಾಗಿ ಅದನ್ನೇ ಕೇಳಿದರೆ ಹುಚ್ಚ ಅಂದುಕೊಂಡಾರು ಅಂತ ಯಾರೂ ಒಪ್ಪಿಕೊಳ್ಳುವುದಿಲ್ಲ. ಬೆಳಕು ಚುಚ್ಚುತ್ತದೆ ಅನ್ನಲು ಯಾರಿಗೂ ನಾಚಿಕೆ ಇಲ್ಲ.

ನಡುಕವನ್ನೂ ನಾನು ಮಲಗಿದ್ದ ಕೈ ನೋಡಿ ಬರೆದೆ. ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಲು ಹೇಳಬೇಕಿತ್ತು. ಕಣ್ಣಿಗೆ ಕಾಣದ ನಡುಕ ಕೂಡ ಅವರ ಬೆರಳ ತುದಿಗೆ ನಮ್ಮ ಬೆರಳ ತುದಿ ಇಟ್ಟರೆ ತಿಳಿಯುತ್ತದೆ, ಅದಕ್ಕೆ 1 ಅಂಕ.

ಇನ್ನೊಂದು ಹೇಳಲೇಬೇಕು. ಸಂಜೆ ಅವರ ಹೆಂಡತಿ ನನ್ನ ಹತ್ತಿರ ಬಂದು, "ಸಿಸ್ಟರ್, ಇವರು ಮುಂಬಾಗಿಲು ಹಾಕಿಕೊಂಡು ಬಾ ಅಂತಿದ್ದಾರೆ, ಮನೇಲಿದ್ದೀನಿ ಅಂದ್ಕೊಂಡಿದ್ದಾರೆ" ಅಂದಿದ್ದರು. ನೋವಿನ ಇಂಜೆಕ್ಷನ್ ಮಂಪರು ಅಂತ ಸಮಾಧಾನ ಮಾಡಿ ಕಳಿಸಿದ್ದೆ. 4 ಅಂಕ ನನ್ನ ಕಿವಿಗೇ ಬಂದು ಬಿದ್ದಿತ್ತು.

ಬೆಳಗಿನ ಜಾವ 3 ಗಂಟೆ. ಡ್ರಿಪ್ ಕಿತ್ತುಕೊಂಡು, ಆಪರೇಷನ್ ಆದ ಕಾಲಿನ ಮೇಲೆ ನಿಂತು, ಪರದೆಯ ಹಿಂದೆ ಯಾರೋ ಇದ್ದಾರೆ ಅಂತ ಕೂಗುತ್ತಿದ್ದರು. ಜ್ವರ 38.4, ಬಿಪಿ 178/104, ನಾಡಿ ಮಾತ್ರ 96. ಬಿಪಿಗೆ ಬೀಟಾ ಬ್ಲಾಕರ್ ತಗೊಳ್ಳುತ್ತಿದ್ದವರು, ನಾಡಿ ಏರಲು ಅದು ಬಿಟ್ಟಿರಲಿಲ್ಲ. ರಾತ್ರಿ ನನಗೆ ಧೈರ್ಯ ಕೊಟ್ಟಿದ್ದೂ ಅದೇ ನಾಡಿ.

ಡ್ಯೂಟಿ ಡಾಕ್ಟರ್ ಬಂದು ಮೊದಲು ಮಾಡಿದ್ದು ಸಕ್ಕರೆ, ಆಕ್ಸಿಜನ್ ನೋಡಿದ್ದು. ಬಿದ್ದವರು ಅಲ್ವಾ, ತಲೆಯ ಸ್ಕ್ಯಾನ್ ಕೂಡ ಆಯಿತು. ಸೀವಾ ಏರಿದ ಮಾತ್ರಕ್ಕೆ ಅದು ವಿತ್‌ಡ್ರಾವಲ್ಲೇ ಅಂತ ಅಲ್ಲ. ಸೋಂಕು, ತಲೆಗೆ ಪೆಟ್ಟು, ಸಕ್ಕರೆ ಇಳಿದದ್ದು, ಯಕೃತ್ತು ಕೆಟ್ಟು ಬರುವ ಗೊಂದಲ, ಇವೆಲ್ಲ ಅದೇ ಅಂಕಗಳನ್ನು ತರುತ್ತವೆ. ಎಲ್ಲ ನೋಡಿ, ವಿತ್‌ಡ್ರಾವಲ್‌ನ ಅತಿ ತೀವ್ರ ರೂಪವಾದ ಡೆಲಿರಿಯಂ ಟ್ರೆಮೆನ್ಸ್ ಅಂದರು. ನಾಲ್ಕು ದಿನ ಐಸಿಯು.

ಮರುದಿನ ಹಿರಿಯ ಸಿಸ್ಟರ್ ನನ್ನನ್ನು ಕೂರಿಸಿಕೊಂಡು 10 ಗಂಟೆಯ ಸ್ಕೋರ್ ಮತ್ತೆ ಹಾಕಿಸಿದರು. "ತಾರೀಖು ಕೇಳಿದ್ಯಾ?" ಅಂದರು. ಇಲ್ಲ. "ಕೈ ಚಾಚಿಸಿದ್ಯಾ?" ಇಲ್ಲ. ಗೊತ್ತಿದ್ದಷ್ಟನ್ನು ಹಾಕಿದೆವು. ನಡುಕ 4, ಬೆವರು 3, ಆತಂಕ 2, ಚಡಪಡಿಕೆ 3, ತಲೆನೋವು 1, ಹೊದಿಕೆ ಹೆಕ್ಕುತ್ತಿದ್ದದ್ದಕ್ಕೆ ಸ್ಪರ್ಶದಲ್ಲಿ 2, ಅರಿವು 4. ಒಟ್ಟು 19. ಅಂದಾಜಿನ ಅಂಕಗಳೇ, ಆದರೆ ಯಾವ ಕಡೆಯಿಂದ ಕೂಡಿಸಿದರೂ 7 ಬರಲಿಲ್ಲ.

ಹಾಗಾಗಿ ಯಾವ ಟೂಲ್ ಅನ್ನುವ ಪ್ರಶ್ನೆಯೇ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಸೀವಾನೇ ಹಾಕಿ, ಆದರೆ ಅಂಕದ ಪಕ್ಕದಲ್ಲಿ ಕೇಳಬೇಕಾದ ಮಾತನ್ನು ಹಾಗೇ ಅಚ್ಚು ಹಾಕಿ. ಅದು ಮಾತಾಡಬಲ್ಲ ರೋಗಿಗೆ ಮಾಡಿದ ಟೂಲ್ ಅಂತ ಮೇಲೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಗೊಂದಲ ಶುರುವಾಯಿತೋ, ಅಲ್ಲಿಗೆ ಸೀವಾ ಮುಗಿಯಿತು. ಡಾಕ್ಟರನ್ನು ಕರೆಯಬೇಕು, ಆಮೇಲೆ ನೋಡುವುದು ರಾಸ್ ತರಹದ ಸ್ಕೇಲಿನಲ್ಲಿ. ಅದರಲ್ಲಿ -5 ಅಂದರೆ ಎಬ್ಬಿಸಿದರೂ ಏಳದವರು, +4 ಅಂದರೆ ಹೊಡೆಯಲು ಏರಿ ಬರುವವರು. ಅದಕ್ಕೆ ಪ್ರಶ್ನೆಗಳಿಗೆ ರೋಗಿಯ ಉತ್ತರ ಬೇಕಿಲ್ಲ. ನಾವು ನೋಡಬೇಕು, ಎಚ್ಚರ ಇಲ್ಲದಿದ್ದರೆ ಹೆಸರು ಹಿಡಿದು ಕರೆದು, ಆಮೇಲೆ ಮುಟ್ಟಿ ಅಲುಗಿಸಿ ನೋಡಬೇಕು, ಅಷ್ಟೇ.

ಗಂಟೆಯ ವಿಷಯ. 8ಕ್ಕಿಂತ ಕಡಿಮೆ ಇದ್ದರೆ ನಾಲ್ಕರಿಂದ ಎಂಟು ಗಂಟೆಗೊಮ್ಮೆ, ಮೇಲಿದ್ದರೆ ಗಂಟೆಗೊಮ್ಮೆ, ಹೀಗೇನೋ ನಿಮ್ಮ ಆಸ್ಪತ್ರೆಯ ನಿಯಮ ಇರುತ್ತೆ. ಅದನ್ನೇ ಹಾಕಿ. ಆದರೆ ಚಾರ್ಟಿನ ಮೇಲುಗಡೆ ಕೊನೆಯದಾಗಿ ಕುಡಿದ ಹೊತ್ತು ಬರೆಯಲು ಒಂದು ಜಾಗ ಬಿಡಿ. ಫಿಟ್ಸ್ ಸಾಮಾನ್ಯವಾಗಿ ಬರುವುದು 6ರಿಂದ 48 ಗಂಟೆಯೊಳಗೆ. ಡೆಲಿರಿಯಂ ಹೆಚ್ಚಾಗಿ 48ರಿಂದ 96 ಗಂಟೆಯ ನಡುವೆ. ನನ್ನ ರೋಗಿಗೆ ಆ ರಾತ್ರಿ 10ಕ್ಕೆ ಸರಿಯಾಗಿ 50 ಗಂಟೆ ಆಗಿತ್ತು. ಹಿಂದೆ ಫಿಟ್ಸ್ ಅಥವಾ ಡೆಲಿರಿಯಂ ಆಗಿತ್ತಾ ಅಂತಲೂ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಎಂಟು ಗಂಟೆಯ ಅಂತರಕ್ಕೆ ಯಾರೂ ಒಪ್ಪುತ್ತಿರಲಿಲ್ಲ.

ಎದುರಿನ ತಪ್ಪೂ ಇದೆ. ಔಷಧಿ ಕೊಟ್ಟ ಮೇಲೆ ಸ್ಕೋರ್ ಇಳಿದರೆ ಖುಷಿಪಡುವ ಮೊದಲು ಉಸಿರು ಎಣಿಸಲು ಹೇಳಿ, ಪೂರ್ತಿ ಒಂದು ನಿಮಿಷ. ನೋವಿಗೆ ಮಾರ್ಫಿನ್ ಜಾತಿಯ ಔಷಧಿಯೂ ನಡೆಯುತ್ತಿದ್ದರೆ, ವಿತ್‌ಡ್ರಾವಲ್‌ಗೆ ಕೊಡುವ ಲೊರಾಜೆಪಾಮ್, ಡಯಜೆಪಾಮ್ ಅದರ ಜೊತೆ ಸೇರಿ ಉಸಿರನ್ನೇ ಕುಗ್ಗಿಸಬಹುದು. ಮಲಗಿದ್ದರೆ ಸೊನ್ನೆ ಹಾಕಬಾರದು, "ನಿದ್ದೆ" ಅಂತ ಬರೆದು, ಉಸಿರು ಮತ್ತು ಆಕ್ಸಿಜನ್ ಬರೆಯಬೇಕು. ನಿದ್ದೆಯೋ ಮಂಪರೋ ಅಂತ ಅನುಮಾನ ಬಂದರೆ ಎಬ್ಬಿಸಬೇಕು. ಬೈದರೆ ಬೈಸಿಕೊಳ್ಳಲಿ.

ಎರಡನೇ ಪುಟಕ್ಕೆ ಟೇಬಲ್ ಬೇಡ, ಈ ಮನುಷ್ಯನ ಕಥೆಯನ್ನೇ ಹಾಕಿ, ಅಂಕಗಳನ್ನು ಬಿಟ್ಟು. ಹೊದಿಕೆ ಹೆಕ್ಕುವುದು, ಹೆಂಡತಿಯ ಮಾತು, ನಾಡಿ, 50 ಗಂಟೆ, ಎಲ್ಲ ಇರಲಿ. ಸ್ಕೋರ್ ಹಾಕಲು ಹೇಳಿ. 7 ಬಂದವರ ಹತ್ತಿರ ಹೋಗಿ, ತಾರೀಖನ್ನು ಯಾವ ಮಾತಿನಲ್ಲಿ ಕೇಳುತ್ತಿದ್ದೆ ಅಂತ ಜೋರಾಗಿ ಹೇಳಿಸಿ.